ಮೀಟಿಂಗ್ ಕನ್ನಡದಾಗ, ಮಿನಿಟ್ಸ್ ಇಂಗ್ಲಿಷಿನಾಗ: ನಡುವ ಒಂದು ಹಾಳಿ ಬೇಕು

ಪ್ರಶ್ನೆ: ಸರ್, ನಾನು ಆಳಂದ ತಾಲೂಕಿನ ಒಂದು ರೈತ ಉತ್ಪಾದಕ ಕಂಪನಿ ಆಫೀಸಿನಾಗ ಕೆಲ್ಸ ಮಾಡ್ತೀನಿ. ಬೋರ್ಡ್ ಮೀಟಿಂಗ್ ಪೂರಾ ಕನ್ನಡದಾಗೇ ಆಗ್ತದ, ನಡುನಡುವ ಹಿಂದಿ ಮರಾಠಿನೂ ಬರ್ತದ, ನಾನು ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂತೀನಿ. ಮಿನಿಟ್ಸ್ ಮಾತ್ರ ಇಂಗ್ಲಿಷಿನಾಗೇ ಬೇಕಂತ ಸಿಎ ಮತ್ತ ಬ್ಯಾಂಕಿನವ್ರು ಕೇಳ್ತಾರ. ಒಂದೂವರೆ ತಾಸಿಂದು ಅಕ್ಷರಕ್ಕಕ್ಷರ ಬರ್ದು ಇಂಗ್ಲಿಷ್ ಮಾಡ್ಲಿಕ್ಕೆ ವಾರ ಹಿಡೀತದ, ಆದ್ರೂ ಕಳೆದ ಸಲ "ನಾವು ಹಿಂಗ ಹೇಳೇ ಇಲ್ಲ" ಅಂತ ಒಬ್ರು ಡೈರೆಕ್ಟರ್ ಜಗಳ ತೆಗೆದ್ರು. ಯಾರ ಮ್ಯಾಲ ಯಾವ ಕೆಲ್ಸ ಬಿತ್ತು ಅನ್ನೋದೂ ತಿಳಿಯಂಗಿಲ್ಲ. ಎರಡು ಹಳೆ ಮೀಟಿಂಗ್ ಬಾಕಿ ಅವ. ನನ್ನ ಇಂಗ್ಲಿಷ್ ಕಚ್ಚಾ ಅದ, ಅದೇ ತೊಂದ್ರೀನಾ?

ಉತ್ತರ:

ಇಂಗ್ಲಿಷ್ ತೊಂದ್ರಿ ಅಲ್ಲ ತಂಗಿ. ಮಿನಿಟ್ಸಿಗೆ ಬೇಕಾಗೋ ಇಂಗ್ಲಿಷ್ ಭಾಳ ಸಣ್ಣದು, ಅವೇ ನಾಕೈದು ಕ್ರಿಯಾಪದ ತಿರುಗಿ ಮುರುಗಿ ಬರ್ತಾವ. ನಾನು ಕಲಬುರಗಿ ಬೀದರ್ ಕಡೆ ಎಫ್‌ಪಿಒಗಳ ಸೆಕ್ರೆಟೇರಿಯಲ್ ಕೆಲ್ಸ ನೋಡೋನು, ನನ್ನ ಟೇಬಲ್ಲಿಗೆ ಬರೋ ಡ್ರಾಫ್ಟುಗಳಾಗ ಗ್ರಾಮರ್ ತಪ್ಪಿನಿಂದ ಜಗಳ ಆಗಿದ್ದು ನೋಡಿಲ್ಲ. ಜಗಳ ಆಗೋದು ಎಲ್ಲಿ ಅಂದ್ರ, ಮೀಟಿಂಗಿನಾಗ ಏನು ತೀರ್ಮಾನ ಆತು ಅನ್ನೋದು ಕನ್ನಡದಾಗೇ ಯಾರಿಗೂ ಪಕ್ಕಾ ಇರಂಗಿಲ್ಲ, ಅದನ್ನ ಬರೆಯೋರು ಇಂಗ್ಲಿಷಿಗೆ ಹಾಕುವಾಗ ತಮಗ ತಿಳಿದಂಗ ಪಕ್ಕಾ ಮಾಡಿಬಿಡ್ತಾರ. ಆಮ್ಯಾಲ ಅದು ಮಿನಿಟ್ಸ್ ಬುಕ್ಕಿನಾಗ ಕುಂತ್ ಬಿಡ್ತದ, ಮುಂದಿನ ಸಲ ಓದಿದಾಗ "ನಾವು ಹಿಂಗ ಹೇಳೇ ಇಲ್ಲ" ಅಂತ ಒಬ್ರು ಏಳ್ತಾರ. ಅವ್ರು ಹೇಳೋದು ಎಷ್ಟೋ ಸಲ ಖರೇನೂ ಇರ್ತದ.

ಅದಕ್ಕ ನಾನು ಎಲ್ಲಾರಿಗೂ ಹೇಳೋದು ಒಂದೇ. ರೆಕಾರ್ಡಿಂಗಿಂದ ನೇರ ಇಂಗ್ಲಿಷಿಗೆ ಹೋಗಬ್ಯಾಡ್ರಿ. ನಡುವ ಕನ್ನಡದಾಗೇ ಒಂದು ಹಾಳಿ ಮಾಡ್ರಿ, ಅದ್ರಾಗ ಬರೀ ತೀರ್ಮಾನ, ಯಾರ ಕೆಲ್ಸ, ಯಾವಾಗಿನೊಳಗ, ರೆಕಾರ್ಡಿಂಗಿನ ಯಾವ ನಿಮಿಷಕ್ಕ ಆ ಮಾತು ಬಂತು, ಇಷ್ಟೇ. ಆ ಹಾಳಿ ಅಧ್ಯಕ್ಷರು ನೋಡಿ ಹೌದು ಅಂದ ಮ್ಯಾಲ ಇಂಗ್ಲಿಷ್. ಹೆಂಗ ಅಂತ ಮುಂದ ಹೇಳ್ತೀನಿ, ಮೊದ್ಲು ಎರಡು ತಪ್ಪು ತಿಳುವಳಿಕಿ ಬದಿಗಿಡೋಣ.

ಒಂದು, ಮಿನಿಟ್ಸ್ ಅಂದ್ರ ಆಡಿದ ಮಾತೆಲ್ಲಾ ಬರೆಯೋದು ಅನ್ನೋದು. ಅಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 118 ಕೇಳೋದು ಮೀಟಿಂಗಿನ ನಡಾವಳಿಯ ಸರಿಯಾದ ಸಾರಾಂಶ. ಬೋರ್ಡ್ ಮೀಟಿಂಗಿಗೆ ಅಂತಲೇ ಇರೋ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್, ಎಸ್ಎಸ್-1 ಅಂತಾರಲ್ಲ, ಅದೂ ಅಷ್ಟೇ ಹೇಳ್ತದ: ವಿಷಯದ ಚಿಕ್ಕ ಹಿನ್ನೆಲೆ, ಚರ್ಚೆಯ ಸಾರ, ತೀರ್ಮಾನ, ದೊಡ್ಡ ತೀರ್ಮಾನ ಇದ್ರ ಅದ್ರ ಕಾರಣ, ಯಾರಾದ್ರೂ ವಿರೋಧ ಮಾಡಿದ್ರ ಇಲ್ಲಾ ತಟಸ್ಥ ಉಳಿದ್ರ ಅವ್ರ ಹೆಸ್ರು. ಒಬ್ರಿಗೊಬ್ರು ಬೈದಾಡಿದ್ದು, ಬ್ಯಾಂಕ್ ಮ್ಯಾನೇಜರ್ ಬಗ್ಗೆ ಆಡಿದ್ದು, ಚಹಾ ಬಂದಾಗಿನ ಸುದ್ದಿ, ಇವೆಲ್ಲಾ ಬರಂಗಿಲ್ಲ. ಮಾನಹಾನಿ ಆಗೋದು, ಸಂಬಂಧ ಇಲ್ಲದ್ದು, ಕಂಪನಿಗೆ ಹಾನಿ ಆಗೋದು ಅಂತ ಅಧ್ಯಕ್ಷರಿಗೆ ಅನ್ನಿಸಿದ್ದನ್ನ ಸೇರಿಸಬಾರದು ಅಂತ ಕಾಯ್ದೆನೇ ಹೇಳ್ತದ. ಅಂದ್ರ ನೀವು ವಾರಗಟ್ಲೆ ಕುಂತು ಅಕ್ಷರಕ್ಕಕ್ಷರ ಬರೆದದ್ರಾಗ ಮುಕ್ಕಾಲು ಪಾಲು ಹೆಂಗೂ ಹೊರಗ ಹೋಗೋದೇ ಇತ್ತು.

ಎರಡನೇದು, ರೆಕಾರ್ಡಿಂಗ್ ಅದ ಅಂದ್ಮ್ಯಾಲ ಪುರಾವೆ ಅದ, ಭಯ ಇಲ್ಲ ಅನ್ನೋದು. ಕಾಯ್ದೆ ಪ್ರಕಾರ ಸರಿಯಾಗಿ ಬರೆದು ಸಹಿ ಆದ ಮಿನಿಟ್ಸೇ ಮೀಟಿಂಗಿನ ಸಾಕ್ಷಿ. ರೆಕಾರ್ಡಿಂಗ್ ನಿಮ್ಮ ನೆನಪಿನ ಸಹಾಯಕ್ಕ. ಅದ್ರಾಗ ತಲಿ ಅಲ್ಲಾಡಿಸಿದ್ದು ಕೇಳಂಗಿಲ್ಲ, ಕೈ ಎತ್ತಿದ್ದು ಕೇಳಂಗಿಲ್ಲ, ಒಬ್ರು ಸಿಟ್ಟಿಗೆದ್ದು ಹೊರಗ ಹೋಗಿ ನಿಂತಿದ್ದಂತೂ ಕೇಳೋದೇ ಇಲ್ಲ. ಅದಕ್ಕ ಮೀಟಿಂಗ್ ನಡೆದಾಗ ಕೈಯಾಗ ಒಂದು ನೋಟ್‌ಬುಕ್ ಇರ್ಬೇಕು, ಟೈಮ್ ಹಾಕಿ "11.40, ಇಬ್ರು ಹೊರಗ ಹೋದ್ರು" ಅಂತ ಒಂದು ಸಾಲು ಗೀಚಿಟ್ರ ಆಮ್ಯಾಲ ಕೋರಂ ಇತ್ತೋ ಇಲ್ಲೋ ಅನ್ನೋ ಪ್ರಶ್ನಿಗೆ ಅದೇ ಉತ್ತರ. ಮತ್ತ ರೆಕಾರ್ಡ್ ಮಾಡ್ಲಿಕ್ಕತ್ತೀನಿ ಅಂತ ಶುರುದಾಗೇ ಎಲ್ಲಾರಿಗೂ ಕೇಳೋ ಹಂಗ ಹೇಳ್ರಿ, ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕ್ರಿ, ಯಾಕಂದ್ರ ಎಷ್ಟೋ ಫೋನಿನಾಗ ಕಾಲ್ ಬಂದ ಕೂಡ್ಲೇ ರೆಕಾರ್ಡಿಂಗ್ ನಿಂತುಬಿಡ್ತದ. ಫ್ಯಾನಿನ ಕೆಳಗ ಇಡಬ್ಯಾಡ್ರಿ, ಅಧ್ಯಕ್ಷರ ಮುಂದ ಒಂದು ಮಡಚಿದ ಟವೆಲ್ ಮ್ಯಾಲ ಇಡ್ರಿ, ಟೇಬಲ್ ಬಡಿಯೋ ಸಪ್ಪಳ ಕಮ್ಮಿ ಆಗ್ತದ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ನಮ್ಮ ಮೀಟಿಂಗಿನಾಗ ತೀರ್ಮಾನ ಕಂಡು ಹಿಡಿಯೋದು ಯಾಕ ಕಷ್ಟ ಅಂದ್ರ, ನಮ್ಮ ಮಂದಿ "ಇದನ್ನ ತೀರ್ಮಾನ ಮಾಡ್ಲಿಕ್ಕತ್ತೀವಿ" ಅಂತ ಹೇಳಿ ಮಾತಾಡಂಗಿಲ್ಲ. "ಆಗ್ಲಿ ಬಿಡ್ರಿ" ಅಂತಾರ, ಅದು ಒಪ್ಪಿಗೇನೂ ಇರಬಹುದು, ಈ ಮಾತು ಸಾಕು ಮುಂದ ನಡೀರಿ ಅಂತನೂ ಇರಬಹುದು. "ನೋಡೋಣ" ಅಂದ್ರ ಹತ್ರಾಗ ಒಂಬತ್ತು ಸಲ ಮುಂದ ಹಾಕಿದಂಗ. "ಹ್ಞೂಂ" ಅಂದ್ರ ಕೇಳಲಿಕ್ಕತ್ತೀನಿ ಅಂತ ಅಷ್ಟೇ. ಕೆಲ್ಸದ ಮಾತು ಬಂದಾಗ ಇನ್ನೂ ಕಷ್ಟ: "ಕೊಟೇಶನ್ ತರಿಸಬೇಕು", "ಬ್ಯಾಂಕಿಗೆ ಹೋಗಬೇಕು", "ಲೆಕ್ಕ ಮಾಡಿಸಬೇಕು". ಯಾರು ಅನ್ನೋದು ವಾಕ್ಯದಾಗೇ ಇಲ್ಲ, ಎಲ್ಲಾರೂ ಕುಂತಲ್ಲೇ ಒಬ್ರ ಮಾರಿ ಒಬ್ರು ನೋಡಿ ತಿಳ್ಕೊಂಡಿರ್ತಾರ, ಇಲ್ಲಾ ತಿಳ್ಕೊಂಡಿರಂಗಿಲ್ಲ. ಇಂಗ್ಲಿಷಿಗೆ ಹಾಕುವಾಗ ಅಲ್ಲಿ ಒಂದು ಹೆಸ್ರು ಬೇಕಾಗ್ತದ, ಬರೆಯೋರು ತಮಗ ಅನ್ನಿಸಿದ್ದು ಹಾಕ್ತಾರ. ನಿಮ್ಮ ಜಗಳದ ಬೇರು ಅಲ್ಲೇ ಇರಬೇಕು.

ಒಂದು ಮಾತು ತೀರ್ಮಾನ ಹೌದೋ ಅಲ್ಲೋ ಅಂತ ನಾನು ನೋಡೋದು ಆ ಮಾತನ್ನ ಅಲ್ಲ, ಆ ಮಾತಿನ ಮುಂದಿನ ಎರಡು ನಿಮಿಷ. ಖರೇನೇ ಒಪ್ಪಿದ್ರ ಮಾತು ತಾನಾಗೇ ಯಾರು, ಯಾವಾಗ, ಎಷ್ಟು ರೊಕ್ಕ ಅನ್ನೋ ಕಡೆ ತಿರುಗ್ತದ, ಇಲ್ಲಾ ಅಧ್ಯಕ್ಷರು ಅದನ್ನ ಇನ್ನೊಮ್ಮೆ ತಮ್ಮ ಬಾಯಾಗ ಹೇಳ್ತಾರ. ಒಪ್ಪಿಲ್ಲ ಅಂದ್ರ "ಆಗ್ಲಿ" ಅಂದ ಮ್ಯಾಲೂ ಒಬ್ರು "ಆದ್ರೂ..." ಅಂತ ಶುರು ಮಾಡ್ತಾರ, ಇಲ್ಲಾ ಮಾತು ಸೀದಾ ಬ್ಯಾರೆ ವಿಷಯಕ್ಕ ಹಾರ್ತದ. ಮತ್ತ ರೆಕಾರ್ಡಿಂಗ್ ಕೊನೀ ತನಕ ಕೇಳೋದು ಬಿಡಬ್ಯಾಡ್ರಿ. 20ನೇ ನಿಮಿಷಕ್ಕ ಆದ ತೀರ್ಮಾನ ಎದ್ದು ಹೋಗುವಾಗ ಬದಲಾಗಿರ್ತದ, ಇದು ನಮ್ಮ ಕಡೆ ಸಾಮಾನ್ಯ.

ಒಂದು ನಮೂನಿ ನೋಡೋಣ. ಇದು ನಾನೇ ಕಟ್ಟಿದ್ದು, ಯಾವ ಕಂಪನಿದೂ ಅಲ್ಲ, ಆದ್ರ ಇಂಥವೇ ದಿನಾ ಕೇಳ್ತೀನಿ. ತೊಗರಿ ಹಸನು ಮಾಡಿ ಗ್ರೇಡಿಂಗ್ ಮಾಡೋ ಮಶೀನ್ ಬಗ್ಗೆ ಮಾತು, ಮೀಟಿಂಗ್ ನವೆಂಬರ್ 10ಕ್ಕ.

*ಅಧ್ಯಕ್ಷರು:* ಮಶೀನಿಂದು ಏನಾತ್ರಿ?
*ಸಿಇಒ:* ಎರಡು ಕೊಟೇಶನ್ ಬಂದಾವ್ರಿ. ಒಂದು ನಾಕು ಇಪ್ಪತ್ತು, ಇನ್ನೊಂದು ಪೌಣೆ ಐದು. ಜಿಎಸ್‌ಟಿ ಬ್ಯಾರೆ.
*ಒಬ್ರು ಡೈರೆಕ್ಟರ್:* ನಾಕು ಇಪ್ಪತ್ತಿಂದೇ ತಗೊಂಡು ಬಿಡ್ರಿ ಮತ್ತ.
*ಇನ್ನೊಬ್ರು:* ತಡೀರಿ, ಅದ್ರ ಸರ್ವಿಸ್ ಯಾರು ಕೊಡ್ತಾರ? ಹೋದ ವರ್ಷ ತೂಕದ ಮಶೀನ್ ಕೆಟ್ಟು ಹಂಗೇ ಬಿದ್ದಿತ್ತು.
*ಅಧ್ಯಕ್ಷರು:* ಖರೆ ಅದ. ಇನ್ನೊಂದು ಕೊಟೇಶನ್ ತರಿಸ್ರಿ, ಸರ್ವಿಸ್ ಕಲಬುರಗಿದಾಗೇ ಇರೋರ್ದು.
*ಮಹಿಳಾ ಡೈರೆಕ್ಟರ್:* ಐದರ ಮ್ಯಾಲ ಹೋಗಬ್ಯಾಡ್ರಿ ಯಪ್ಪಾ, ರೊಕ್ಕ ಎಲ್ಲಿ ಅವ?
*ಅಧ್ಯಕ್ಷರು:* ಐದರೊಳಗೇ. ಎಳ್ಳಮಾಸಿ ಒಳಗ ಆಗ್ಬೇಕು ನೋಡ್ರಿ, ಮಾಲು ಬಂದ ಮ್ಯಾಲ ಏನು ಮಾಡೋದು.
*ನಾಕೈದು ಮಂದಿ:* ಆಗ್ಲಿ, ಆಗ್ಲಿ.
*ಸಿಇಒ:* ಬ್ಯಾಂಕಿಗೂ ಹೋಗಿ ಮಾತಾಡ್ಬೇಕ್ರಿ ಅದಕ್ಕ.
*ಅಧ್ಯಕ್ಷರು:* ಹ್ಞೂಂ, ಮಾತಾಡ್ಬೇಕು.

ಇದು 22ನೇ ನಿಮಿಷದಾಗ. ಆಮ್ಯಾಲ ಒಂದು ತಾಸು ಹನ್ನೆರಡು ನಿಮಿಷಕ್ಕ, ಕುರ್ಚಿ ಸರಿಸೋ ಸಪ್ಪಳದ ನಡುವ ಅಧ್ಯಕ್ಷರ ದನಿ: "ಸಿಇಒ ಸಾಹೇಬ್ರ, ಆ ಮಶೀನು ನೀವು ಅಕೌಂಟೆಂಟ್ ಕೂಡಿ ಹೋಗಿ ನೋಡ್ಕೊಂಡು ಬರ್ರಿ. ಆರ್ಡರ್ ಮಾತ್ರ ನನಗ ತೋರಿಸಿ ಕೊಡ್ರಿ."

ಇದನ್ನ ಅವಸರದಾಗ ಬರೆಯೋರು ಏನು ಮಾಡ್ತಾರ ಅಂದ್ರ, ನಾಕು ಇಪ್ಪತ್ತಿನ ಮಶೀನ್ ಖರೀದಿಗೆ ಬೋರ್ಡ್ ಒಪ್ಪಿತು ಅಂತ ಬರೀತಾರ. ಯಾಕಂದ್ರ "ತಗೊಂಡು ಬಿಡ್ರಿ" ಅನ್ನೋದೊಂದೇ ಅಲ್ಲಿ ಗಟ್ಟಿ ಮಾತು. ಆದ್ರ ಅದು ಒಬ್ರ ಸಲಹೆ, ಅದರ ಹಿಂದೇನೇ "ತಡೀರಿ" ಬಂತು, ಮಾತು ಆ ಕಡೆ ತಿರುಗೇ ಬಿಡ್ತು. ಖರೀದಿಗೆ ಒಪ್ಪಿಗೆ ಇಲ್ಲಿ ಆಗೇ ಇಲ್ಲ. ಆಗಿದ್ದು ಮೂರು: ಕಲಬುರಗಿದಾಗ ಸರ್ವಿಸ್ ಇರೋರಿಂದ ಮೂರನೇ ಕೊಟೇಶನ್, ಐದು ಲಕ್ಷದ ಮಿತಿ, ಎಳ್ಳಮಾಸಿ ಗಡುವು. ಅಧ್ಯಕ್ಷರು ತಮ್ಮ ಬಾಯಾಗ ಹೇಳ್ಯಾರ, ಆಮ್ಯಾಲ ನಾಕೈದು ಮಂದಿ ಆಗ್ಲಿ ಅಂದಾರ, ಯಾರೂ ತಿರುಗಿ ಕೆದಕಿಲ್ಲ.

ಆದ್ರ ಈ ಮೂರರಾಗೂ ಒಂದೊಂದು ತೂತು ಅದ. ಐದು ಲಕ್ಷ ಅಂದ್ರ ಜಿಎಸ್‌ಟಿ ಕೂಡೀನೋ ಬಿಟ್ಟೋ? ಸಿಇಒ "ಜಿಎಸ್‌ಟಿ ಬ್ಯಾರೆ" ಅಂದಿದ್ದು ಕೊಟೇಶನ್ ಬಗ್ಗೆ, ಮಿತಿ ಬಗ್ಗೆ ಅಲ್ಲ. ಪೌಣೆ ಐದರ ಮಶೀನ್ ಜಿಎಸ್‌ಟಿ ಬಿಟ್ಟರ ಆರಾಮ ಐದರೊಳಗ ಕೂಡ್ತದ, ಜಿಎಸ್‌ಟಿ ಸೇರಿಸಿದ್ರ ತೆರಿಗಿ ದರ ನೋಡೇ ಹೇಳ್ಬೇಕು, ಅಂದ್ರ ಒಂದು ಪದದ ಮ್ಯಾಲ ಒಬ್ಬ ಸಪ್ಲೈಯರ್ ಉಳೀತಾನೋ ಹೋಗ್ತಾನೋ ಅನ್ನೋದು ನಿಂತದ. ಎಳ್ಳಮಾಸಿ ಒಳಗ ಆಗ್ಬೇಕು ಅಂದ್ರ ಏನು ಆಗ್ಬೇಕು, ಕೊಟೇಶನ್ನೋ, ಆರ್ಡರ್ರೋ, ಮಶೀನ್ ಬಂದು ಕುಂದ್ರೋದೋ? ಮತ್ತ ಎಳ್ಳ ಅಮಾವಾಸ್ಯೆ ವರ್ಷಾ ಒಂದೇ ತಾರೀಖಿಗೆ ಬರಂಗಿಲ್ಲ, ಡಿಸೆಂಬರ್ ಜನವರಿ ನಡುವ ಸರೀತಿರ್ತದ, ಬೆಂಗಳೂರಿನ ಆಡಿಟರ್ ಯಾರಾದ್ರೂ ಮುಂದ ಓದಿದ್ರ ಅವ್ರಿಗೆ ಅದು ಏನಂತ ತಿಳೀಬೇಕು, ಹಂಗಾಗಿ ಕ್ಯಾಲೆಂಡರ್ ನೋಡಿ ತಾರೀಖು ಹಾಕಲೇಬೇಕು. ನಮ್ಮ ಮಂದಿ ಜಾತ್ರಿ, ಅಮಾಸಿ, ರಾಶಿ ಮುಗಿದ ಮ್ಯಾಲ ಅಂತಾನೇ ಗಡುವು ಹೇಳೋದು, ಅದ್ರಾಗ ತಪ್ಪೇನಿಲ್ಲ, ಬುಕ್ಕಿಗೆ ಹೋಗುವಾಗ ಮಾತ್ರ ತಾರೀಖು.

ಬ್ಯಾಂಕಿನ ಮಾತು ನೋಡ್ರಿ. "ಹ್ಞೂಂ, ಮಾತಾಡ್ಬೇಕು." ಯಾರು? ಸಿಇಒ ತಾವೇ ಎತ್ತಿದ್ರು ಅಂತ ಅವ್ರ ಹೆಸ್ರಿಗೆ ಹಾಕ್ಬೇಕು ಅನ್ನಿಸ್ತದ, ಆದ್ರ ಅವ್ರು ಅಧ್ಯಕ್ಷರು ಬರ್ಲಿ ಅಂತ ಹೇಳಿರ್ಬಹುದು, ಬ್ಯಾಂಕಿನ ಕಾಗದಕ್ಕ ಸಹಿ ಹಾಕೋರು ಬ್ಯಾರೇನೇ ಇರ್ತಾರಲ್ಲ. ಅಂದ್ರ ಈ ಕೆಲ್ಸಕ್ಕ ಮಾಲೀಕರಿಲ್ಲ. ಕೊನೇ ಮಾತಂತೂ ಎಲ್ಲಾಕ್ಕಿಂತ ಸೂಕ್ಷ್ಮ. "ಆರ್ಡರ್ ನನಗ ತೋರಿಸಿ ಕೊಡ್ರಿ" ಅಂದ್ರ ಅಧ್ಯಕ್ಷರು ಒಬ್ರೇ ಓಕೆ ಅಂದ್ರ ಆರ್ಡರ್ ಹೋಗ್ತದೇನು? ಹಂಗ ಅಂದ್ರ ಬೋರ್ಡು ಅವ್ರಿಗೆ ಅಧಿಕಾರ ಕೊಟ್ಟಂಗ ಆತು, ಆದ್ರ ಆ ಮಾತು ಆಡಿದಾಗ ಅರ್ಧ ಮಂದಿ ಬಾಗಲ ದಾಟಿದ್ರು. ಇದನ್ನ ತೀರ್ಮಾನ ಅಂತ ಬರೆದ್ರ ನಾಳೆ ಬಿಲ್ ಕಟ್ಟುವಾಗ ಆಡಿಟರ್ ಅದನ್ನೇ ತೋರಿಸ್ತಾರ, ಡೈರೆಕ್ಟರುಗಳು ನಮಗ ಗೊತ್ತೇ ಇಲ್ಲ ಅಂತಾರ.

ಈಗ ನಡುವಿನ ಹಾಳಿಗೆ ಬರ್ರಿ. ನೀವು ಕನ್ನಡದಾಗ ಹಿಂಗ ಬರೀತೀರಿ: "ವಿಷಯ 5, ಮಶೀನ್. 22 ನಿಮಿಷ. ಮೂರನೇ ಕೊಟೇಶನ್ ತರಿಸೋದು, ಕಲಬುರಗಿದಾಗ ಸರ್ವಿಸ್ ಇರಬೇಕು. ಐದು ಲಕ್ಷದೊಳಗ. ಎಳ್ಳಮಾಸಿ ಒಳಗ. ಖರೀದಿ ಒಪ್ಪಿಗೆ ಆಗಿಲ್ಲ." ಅದ್ರ ಕೆಳಗ ಪ್ರಶ್ನೆ: ಐದು ಲಕ್ಷ ಜಿಎಸ್‌ಟಿ ಸೇರೀನೋ? ಎಳ್ಳಮಾಸಿಗೆ ಏನು ಮುಗೀಬೇಕು? ಕೊಟೇಶನ್ ಯಾರು ತರಿಸ್ತಾರ? ಬ್ಯಾಂಕಿಗೆ ಯಾರು? ಆರ್ಡರ್ ಒಪ್ಪಿಗೆ ಯಾರ್ದು? ಇದನ್ನ ಮೀಟಿಂಗ್ ಆದ ಮರುದಿನವೇ ಅಧ್ಯಕ್ಷರ ಹತ್ರ ತಗೊಂಡು ಹೋಗ್ರಿ, ಇಲ್ಲಾ ವಾಟ್ಸಾಪಿನಾಗ ಹಾಕ್ರಿ. ವಾರ ಬಿಟ್ಟು ಕೇಳಿದ್ರ ಅವ್ರಿಗೂ ನೆನಪಿರಂಗಿಲ್ಲ, ನಿಮಗ ಹಿತ ಆಗೋ ಉತ್ತರ ಕೊಟ್ಟು ಕಳಿಸ್ತಾರ.

ಇಲ್ಲಿ ಒಂದು ಗೆರಿ ಅದ, ಭಾಳ ಮಂದಿ ಅದನ್ನ ದಾಟ್ತಾರ. ಅಧ್ಯಕ್ಷರು ಮೀಟಿಂಗಿನಾಗ ಆದದ್ದನ್ನ ಸ್ಪಷ್ಟ ಮಾಡಬಹುದು, ಹೊಸದು ಸೇರಿಸಂಗಿಲ್ಲ. "ಐದು ಅಂದ್ರ ಜಿಎಸ್‌ಟಿ ಕೂಡೇ ಅಂತ ಎಲ್ಲಾರಿಗೂ ಗೊತ್ತಿತ್ತು, ಮಶೀನು ಎಳ್ಳಮಾಸಿಗೆ ಬಂದು ಕುಂತಿರಬೇಕು ಅಂತ ಅರ್ಥ" ಅಂದ್ರ ಅದು ಸ್ಪಷ್ಟೀಕರಣ, ಡ್ರಾಫ್ಟಿನಾಗ ಹಾಕ್ರಿ, ಡೈರೆಕ್ಟರುಗಳು ಓದಿ ಅಲ್ಲ ಅನ್ನೋದಿದ್ರ ಅಂತಾರ. ಕೊಟೇಶನ್ "ತರಿಸ್ರಿ" ಅಂದಿದ್ದು ಸಿಇಒಗೇ ಅಂದ್ರ ಅದೂ ಸ್ಪಷ್ಟೀಕರಣ, ಆ ಮಾತು ಅವ್ರ ಕಡೆ ತಿರುಗೇ ಹೇಳಿದ್ದು. ಆದ್ರ "ಬ್ಯಾಂಕಿಗೆ ಅಕೌಂಟೆಂಟ್ ಹೋಗ್ಲಿ" ಅಂತ ಇವತ್ತು ಹೇಳಿದ್ರ ಅದು ಇವತ್ತಿನ ಆದೇಶ, 10ನೇ ತಾರೀಖಿನ ಬೋರ್ಡಿನ ಮಾತಲ್ಲ. ಅದನ್ನ ಮಿನಿಟ್ಸಿನಾಗ ತುರುಕಬ್ಯಾಡ್ರಿ. ಕೆಲ್ಸದ ಪಟ್ಟಿ ಅಂತ ಬ್ಯಾರೆ ಒಂದು ಹಾಳಿ ಇಟ್ಟು, ಅದ್ರಾಗ "ಅಧ್ಯಕ್ಷರು 11ನೇ ತಾರೀಖು ಹೇಳಿದ್ದು" ಅಂತ ಬರ್ಕೊಳ್ರಿ. ಆರ್ಡರ್ ಒಪ್ಪಿಗೆ ವಿಷಯ ಮುಂದಿನ ಮೀಟಿಂಗಿನ ಅಜೆಂಡಾಕ್ಕ ಹೋಗ್ತದ, ಬ್ಯಾರೆ ದಾರಿ ಇಲ್ಲ.

ಇಷ್ಟಾದ ಮ್ಯಾಲ ಇಂಗ್ಲಿಷ್ ಬರೆಯೋದು ಅರ್ಧ ತಾಸಿನ ಕೆಲ್ಸ. ಅಧ್ಯಕ್ಷರು ಮ್ಯಾಲಿನಂಗ ಉತ್ತರ ಕೊಟ್ರು, ಎಳ್ಳಮಾಸಿ ಆ ವರ್ಷ ಡಿಸೆಂಬರ್ 19ಕ್ಕ ಅಂತ ಇಟ್ಕೊಂಡ್ರ ಹಿಂಗ ಬರ್ತದ:

```
5. Cleaning and grading machine
The CEO placed before the Board two quotations, of
Rs. 4,20,000 and Rs. 4,75,000, both exclusive of GST.
A Director raised the question of local service support.
After discussion, the Board decided that:
(a) a third quotation be obtained from a supplier having
    service support in Kalaburagi;
(b) the cost shall not exceed Rs. 5,00,000, inclusive of GST;
(c) the machine be installed by 19 December.
No purchase was approved at this meeting.
Action: CEO - third quotation.
```

ನೋಡ್ರಿ, ಇದ್ರಾಗ ಕಠಿಣ ಇಂಗ್ಲಿಷ್ ಏನದ? ನಡೆದದ್ದೆಲ್ಲಾ ಭೂತಕಾಲದಾಗ, ಮೂರನೇ ವ್ಯಕ್ತಿಯಾಗಿ, ನಾವು ನೀವು ಇಲ್ಲದೆ. ವಿಧಿವತ್ತಾದ ಠರಾವು ಇದ್ರ ಮಾತ್ರ `RESOLVED THAT` ಅಂತ ಶುರು ಮಾಡೋದು ರೂಢಿ, ಅದನ್ನ ವರ್ತಮಾನದಾಗ ಬರೀಬೇಕು ಅಂತ ಎಸ್ಎಸ್-1 ಹೇಳ್ತದ, ಬ್ಯಾಂಕ್ ಖಾತೆ, ಸಾಲ, ಸಹಿ ಅಧಿಕಾರ ಇಂಥವಕ್ಕ ಬ್ಯಾಂಕಿನವ್ರೇ ಅದ್ರ ನಮೂನಿ ಕೊಡ್ತಾರ, ಅದನ್ನೇ ಅಜೆಂಡಾದ ಜೋಡಿ ಮೊದ್ಲೇ ಇಟ್ಟು ಮೀಟಿಂಗಿನಾಗ ಕನ್ನಡದಾಗ ಓದಿ ಹೇಳ್ರಿ, ರೆಕಾರ್ಡಿಂಗಿನಾಗ ಆ ಓದು ಬರ್ತದ, ಆಮ್ಯಾಲ ನೀವು ಕಟ್ಟೋ ಪ್ರಮೇಯನೇ ಇಲ್ಲ. ಉಳಿದದ್ದಕ್ಕ ಬರೀ ತಿಳಿಸಿದ್ದು ಇದ್ರ `noted`, ಮಾತಾಡಿ ಬಿಟ್ಟಿದ್ದು ಇದ್ರ `discussed`, ಮುಂದ ಹಾಕಿದ್ದು ಇದ್ರ `deferred`, ತೀರ್ಮಾನ ಇದ್ರ `decided`. "ಮ್ಯಾನೇಜರ್ ಸಾಹೇಬ್ರು ಸಾಲ ಕೊಡ್ತೀವಿ ಅಂದಾರ" ಅಂತ ಯಾರೋ ಹೇಳಿದ್ದು `noted` ಅಷ್ಟೇ, ಅದ್ರಿಂದ ಸಾಲ ಆಯ್ತು ಅಂತ ಎಂದೂ ಬರೀಬ್ಯಾಡ್ರಿ. ಕೊನೀಗೆ ಅಕೌಂಟೆಂಟ್ ಕೂಡಿ ಮಶೀನ್ ನೋಡಿ ಬರ್ರಿ ಅಂದಿದ್ದು ಯಾಕ ಇಲ್ಲಿ ಇಲ್ಲ ಅಂದ್ರ, ಅದು ಮೀಟಿಂಗ್ ಎದ್ದ ಮ್ಯಾಲಿನ ಮಾತು, ಕೆಲ್ಸದ ಪಟ್ಟಿಯೊಳಗ ಇರ್ಲಿ.

ಕೆಲ್ಸದ ಮಾಲೀಕರ ಬಗ್ಗೆ ಒಂದೇ ಮಾತು. ಒಂದು ಕೆಲ್ಸಕ್ಕ ಒಬ್ರು. "ಎಲ್ಲಾ ಡೈರೆಕ್ಟರುಗಳು", "ಆಫೀಸ್", "ಸಂಬಂಧಪಟ್ಟವರು" ಅಂತ ಬರೆದ್ರ ಯಾರೂ ಮಾಡಂಗಿಲ್ಲ. ಹೆಸ್ರು ಸಿಗ್ಲಿಲ್ಲ ಅಂದ್ರ ಜಾಗ ಖಾಲಿ ಬಿಡ್ರಿ, ಖಾಲಿ ಜಾಗ ಕಂಡ್ರ ಅಧ್ಯಕ್ಷರೇ ಕೇಳ್ತಾರ. ಹೆಸರಿನದೂ ಒಂದು ಪೇಚು ಅದ, ಮೀಟಿಂಗಿನಾಗ ಗೌಡ್ರು, ಸಾವ್ಕಾರ್ರು, ಕಾಕಾ, ಮುತ್ಯಾ ಅಂತಾನೇ ಕರೀತಾರ, ಶರಣಪ್ಪ ಅನ್ನೋರು ಇಬ್ರು ಇರ್ತಾರ. ಹಾಜರಿ ಪುಸ್ತಕದಾಗ ಡೈರೆಕ್ಟರ್ ದಾಖಲಾತಿ ಪ್ರಕಾರ ಇರೋ ಪೂರ್ತಿ ಹೆಸ್ರು, ಅದ್ರ ಎದುರಿಗೆ ಮೀಟಿಂಗಿನಾಗ ಕರಿಯೋ ಹೆಸ್ರು, ಇಷ್ಟು ಒಂದು ಸಲ ಬರ್ದಿಟ್ಕೊಂಡ್ರ ವರ್ಷಾನುಗಟ್ಲೆ ನಡೀತದ. ರೊಕ್ಕದ್ದೂ ಹಂಗೇ: ಸವ್ವಾ, ದೇಡ್, ಪೌಣೆ ಬಂದ ಕಡೆ ತಕ್ಷಣ ಅಂಕಿ ಹಾಕ್ರಿ, ಪೌಣೆ ಐದು ಅಂದ್ರ 4,75,000, ಅದನ್ನ 5,75,000 ಮಾಡಿದ ಡ್ರಾಫ್ಟ್ ನನ್ನ ಕಣ್ಣಿಗೆ ಬಿದ್ದದ. ಚೀಲ ಅಂದ್ರ ಐವತ್ತು ಕೆಜಿದೋ ಕ್ವಿಂಟಲ್ದೋ ಅಂತನೂ ಕೇಳ್ಕೊಳ್ರಿ.

ರೆಕಾರ್ಡಿಂಗ್ ಕೇಳೋದು ಹೆಂಗ ಅಂದ್ರ, ಒಮ್ಮೆ ನಿಲ್ಲಿಸದೇ ಪೂರಾ ಕೇಳ್ರಿ, ಕೈಯಾಗ ಅಜೆಂಡಾ ಇಟ್ಕೊಂಡು ಪ್ರತಿ ವಿಷಯ ಯಾವ ನಿಮಿಷಕ್ಕ ಶುರು ಆತು, ಎಲ್ಲಿ ತಿರುಗಿ ಬಂತು ಅಂತ ಬರೀ ನಿಮಿಷ ಗುರುತು ಹಾಕ್ರಿ. ಎರಡನೇ ಸಲ ಆ ಜಾಗಗಳಿಗೆ ಮಾತ್ರ ಹೋಗ್ರಿ. ಕಂಪ್ಯೂಟರಿನಾಗ VLC ಇದ್ರ `Shift` ಮತ್ತ ಎಡ ಬಾಣ ಒತ್ತಿದ್ರ ಮೂರು ಸೆಕೆಂಡ್ ಹಿಂದ ಹೋಗ್ತದ, ಗದ್ದಲದ ಜಾಗಕ್ಕ ವೇಗ ಕಮ್ಮಿ ಮಾಡಿ ಕೇಳ್ರಿ. ಆ ತೀರ್ಮಾನದ ಎರಡ್ಮೂರು ವಾಕ್ಯ ಮಾತ್ರ ಅಕ್ಷರಕ್ಕಕ್ಷರ ಬರ್ಕೊಳ್ರಿ, ಕನ್ನಡದಾಗೇ, ಆಡಿದಂಗೇ. ಜಗಳ ಬಂದ್ರ ತೋರಿಸಬೇಕಾದದ್ದು ಅವೇ. ಒಂದೂವರೆ ತಾಸಿನ ಮೀಟಿಂಗ್ ಹಿಂಗ ಮಾಡಿದ್ರ ಒಂದು ದಿನದಾಗ ಮುಗೀತದ.

ಹೊರಗಿನವ್ರಿಗೆ ಅನುವಾದಕ್ಕ ಕೊಡೋದೂ ಒಂದು ದಾರಿ, ಕೆಲವ್ರು ಕೊಡ್ತಾರ. ಅವ್ರ ಇಂಗ್ಲಿಷ್ ಚಂದ ಇರ್ತದ, ಆದ್ರ ಮಾತಾಡಿದೋರು ಯಾರು ಅಂತ ದನಿ ಕೇಳಿ ಅವ್ರಿಗೆ ತಿಳಿಯಂಗಿಲ್ಲ, ನಮ್ಮ ಕಡೆ ಮಾತಿನ ದಾಟಿನೂ ಎಲ್ಲಾರಿಗೂ ಹತ್ತಂಗಿಲ್ಲ, ಮತ್ತ ಕಂಪನಿಯ ರೇಟು, ಸಾಲ, ಸದಸ್ಯರ ಬಾಕಿ ಎಲ್ಲಾ ಆ ಫೈಲಿನಾಗ ಇರ್ತಾವ. ಕೊಡಲೇಬೇಕಂದ್ರ ಆಡಿಯೋ ಕೊಡಬ್ಯಾಡ್ರಿ, ಅಧ್ಯಕ್ಷರು ಒಪ್ಪಿದ ಆ ಕನ್ನಡ ಹಾಳಿ ಕೊಡ್ರಿ.

ಡೈರೆಕ್ಟರುಗಳಿಗೆ ಇಂಗ್ಲಿಷ್ ಡ್ರಾಫ್ಟ್ ಕಳಿಸುವಾಗ ಅದೇ ಕನ್ನಡ ಹಾಳಿ ಜೋಡಿ ಕಳಿಸ್ರಿ. ಇಂಗ್ಲಿಷ್ ಓದಲಿಕ್ಕೆ ಬರದೋರು ಹೆಬ್ಬೆಟ್ಟಿನಂಗ "ಸರಿ ಅದ" ಅಂತ ಕಳಿಸೋದೇ ಮುಂದ ಜಗಳಕ್ಕ ಬೀಜ. ಡ್ರಾಫ್ಟ್ ಮೀಟಿಂಗ್ ಮುಗಿದ 15 ದಿನದೊಳಗ ಎಲ್ಲಾರಿಗೂ ಹೋಗ್ಬೇಕು, ಅವ್ರು ಏನಾದ್ರೂ ಹೇಳೋದಿದ್ರ 7 ದಿನ, ಒಟ್ಟು 30 ದಿನದೊಳಗ ಬುಕ್ಕಿಗೆ ಏರಬೇಕು. ಅಂದ್ಹಂಗ, ಮಿನಿಟ್ಸ್ ಇಂಗ್ಲಿಷಿನಾಗೇ ಇರ್ಬೇಕು ಅಂತ ಸೆಕ್ಷನ್ 118ರಾಗ ಎಲ್ಲೂ ಬರೆದಿಲ್ಲ, ಇದು ಬ್ಯಾಂಕು ಮತ್ತ ಸಿಎಗಳ ಅನುಕೂಲಕ್ಕ. ನಿಮ್ಮ ಬೋರ್ಡ್ ಒಪ್ಪಿದ್ರ ಕನ್ನಡದ್ದೇ ಮೂಲ ಇಟ್ಟು ಇಂಗ್ಲಿಷ್ ಅನುವಾದ ಕೊಡಬಹುದಾ ಅಂತ ನಿಮ್ಮ ಕಂಪನಿ ಸೆಕ್ರೆಟರಿ ಹತ್ರ ಕೇಳ್ರಿ. ಎರಡು ಇದ್ರ ಒಂದು ಅಪಾಯ ಅದ, ಎರಡರ ನಡುವ ಫರಕ್ ಬಂದ್ರ ಯಾವುದು ಹಿಡಿಯೋದು ಅಂತ ಮೊದ್ಲೇ ಬರ್ದಿಡಬೇಕು.

ಬಾಕಿ ಎರಡು ಮೀಟಿಂಗಿಂದು. 30 ದಿನ ದಾಟಿದ್ರ ದಾಟಿತು, ಹಿಂದಿನ ತಾರೀಖು ಹಾಕಿ ಕುಂದ್ರಸಬ್ಯಾಡ್ರಿ. ಮಿನಿಟ್ಸ್ ತಪ್ಪಿದ್ದಕ್ಕ ಕಂಪನಿಗೆ 25,000, ಜವಾಬ್ದಾರಿ ಇರೋ ಪ್ರತಿ ಅಧಿಕಾರಿಗೆ 5,000 ರೂಪಾಯಿ ದಂಡ, ಆದ್ರ ಮಿನಿಟ್ಸ್ ತಿದ್ದಿ ಕೆಡಿಸಿದ್ರ ಎರಡು ವರ್ಷದ ತನಕ ಜೈಲಿನ ಶಿಕ್ಷೆ ಅದ, ಎರಡಕ್ಕೂ ಭಾಳ ಅಂತರ. ಬುಕ್ಕಿಗೆ ಏರಿಸಿದ ನಿಜವಾದ ತಾರೀಖೇ ಬರೀರಿ. ಎರಡರಾಗ ಇತ್ತೀಚಿನದನ್ನ ಮೊದ್ಲು ತಗೊಳ್ರಿ, ಅದು ಮಂದಿ ತಲಿಯಾಗ ಇನ್ನೂ ಅದ, ಪ್ರಶ್ನೆ ಕೇಳಿದ್ರ ಉತ್ತರ ಸಿಗ್ತದ. ಹಳೇದ್ರಾಗ ಸ್ಪಷ್ಟ ಆಗದ ತೀರ್ಮಾನಗಳನ್ನ ಊಹೆ ಮಾಡಿ ಬರೀಬ್ಯಾಡ್ರಿ, ಚರ್ಚೆ ಆತು ಅಂತ ಅಷ್ಟೇ ಬರ್ದು, ಆ ವಿಷಯಗಳನ್ನ ಬರೋ ಬೋರ್ಡ್ ಮೀಟಿಂಗಿನ ಅಜೆಂಡಾದಾಗ ಹೊಸದಾಗಿ ಇಡಿಸ್ರಿ, ಆವಾಗ ಅಧ್ಯಕ್ಷರಿಗೆ ಮೊದ್ಲೇ ಹೇಳಿಡ್ರಿ, ಪ್ರತಿ ವಿಷಯ ಮುಗಿದ ಕೂಡ್ಲೇ "ಹಂಗಾದ್ರ ಏನು ಮಾಡ್ದಂಗಾತು, ಯಾರು ಮಾಡ್ತಾರ, ಯಾವಾಗಿನೊಳಗ" ಅಂತ ಫೋನಿನ ಕಡೆ ತಿರುಗಿ ಒಂದು ಸಲ ಜೋರಾಗಿ ಹೇಳ್ರಿ ಸಾಹೇಬ್ರ ಅಂತ.